ಅವ್ವನ ವಾಷಿಂಗ್ ಮೆಷಿನ್‌ಗೆ ಎಂಥ ಕಾರ್ಡ್ ಬೇಕು?

ಪ್ರಶ್ನೆ: ನಮ್ಮ ಅವ್ವನಿಗೆ 74 ವರ್ಷ. ರಾಣೇಬೆನ್ನೂರಿನ ಮನೆಯಲ್ಲಿ ಒಬ್ಬಳೇ ಇದ್ದಾಳೆ, ನಾನು ಪುಣೆಯಲ್ಲಿದ್ದೇನೆ. ಹೋದ ವರ್ಷ 6.5 ಕೆಜಿಯ ಟಾಪ್ ಲೋಡ್ ವಾಷಿಂಗ್ ಮೆಷಿನ್ ಕೊಡಿಸಿದೆ. ಬಟನ್‌ಗಳ ಮೇಲೆಲ್ಲ ಇಂಗ್ಲಿಷ್. ಅವ್ವನಿಗೆ ಕನ್ನಡ ಓದಲು ಬರುತ್ತೆ, ಇಂಗ್ಲಿಷ್ ಬರಲ್ಲ. ಪವರ್ ಒತ್ತಿ, ಪ್ರೋಗ್ರಾಂ ಆರಿಸಿ, ವಾಟರ್ ಲೆವೆಲ್ ನೋಡಿ ಅಂತ ದೊಡ್ಡ ಅಕ್ಷರದಲ್ಲಿ 14 ಸಾಲು ಬರೆದು, ಲ್ಯಾಮಿನೇಷನ್ ಮಾಡಿಸಿ ಮುಚ್ಚಳದ ಮೇಲೆ ಅಂಟಿಸಿ ಬಂದೆ. ಆದರೂ ಪ್ರತಿ ಸಲ ಫೋನ್ ಮಾಡ್ತಾಳೆ. ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಆಗಬೇಕು. ಮರೆವಿನ ತೊಂದರೆ ಏನೂ ಇಲ್ಲ. ಕಾರ್ಡ್ ಹೇಗೆ ಬರೆದರೆ ಅವಳೇ ಮೆಷಿನ್ ನಡೆಸಬಹುದು?

ಉತ್ತರ: ಮೊದಲು ಆ ಕಾರ್ಡನ್ನು ಮುಚ್ಚಳದಿಂದ ಕಿತ್ತುಬಿಡಿ. ಬಟ್ಟೆ ಹಾಕಬೇಕಾದರೆ ಮುಚ್ಚಳ ಎತ್ತಲೇಬೇಕು. ಎತ್ತಿದ ಕೂಡಲೇ ಕಾರ್ಡ್ ಗೋಡೆ ಕಡೆ ಮುಖ ಮಾಡುತ್ತೆ. ಎಷ್ಟು ಬಟ್ಟೆ, ಎಷ್ಟು ಪುಡಿ ಅಂತ ನೋಡಬೇಕಾದ ಹೊತ್ತಿಗೇ ಅದು ಕಣ್ಣಿಗೆ ಬೀಳಲ್ಲ. ನಾಚಿಕೆಯಿಲ್ಲದೆ ಹೇಳುತ್ತೇನೆ, ಧಾರವಾಡದ ಒಂದು ಮನೆಯಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ಹಿರಿಯರ ಮನೆಗಳಿಗೆ ಹೋಗಿ, ದಿನದ ಕೆಲಸ ಅವರೇ ಮಾಡಿಕೊಳ್ಳುವ ಹಾಗೆ ಮನೆಯನ್ನು ಹೊಂದಿಸಿಕೊಡುವುದು ನನ್ನ ಕಸುಬು. ಆಕ್ಯುಪೇಷನಲ್ ಥೆರಪಿ ಅಂತಾರೆ. ಅಲ್ಲಿನ ಅಜ್ಜಿ ಎರಡು ದಿನ ಸುಮ್ಮನಿದ್ದು, ಮೂರನೇ ದಿನ "ನಿಮ್ಮ ಚೀಟಿ ಓದೋದಕ್ಕೆ ಮುಚ್ಚಳ ಹಾಕಬೇಕು, ಬಟ್ಟೆ ಹಾಕೋದಕ್ಕೆ ಮುಚ್ಚಳ ತೆಗೀಬೇಕು, ಯಾವುದು ಮಾಡಲಿ?" ಅಂತ ಕೇಳಿದರು.

ಇನ್ನು ಆ 14 ಸಾಲು. ಅಕ್ಷರ ಎಷ್ಟೇ ದೊಡ್ಡದಿರಲಿ, "ಆರಿಸಿ", "ನೋಡಿ" ಅಂತ ಬರೆದ ಕಡೆ ನಿಮ್ಮ ಅವ್ವ ನಿಲ್ಲುತ್ತಾರೆ. ಒತ್ತುವುದಕ್ಕೆ ಅವರಿಗೆ ಕಷ್ಟ ಇಲ್ಲ. ಯಾವುದನ್ನು ಆರಿಸಬೇಕು, ತಪ್ಪಾದರೆ ಏನಾಗುತ್ತೆ ಅನ್ನೋದೇ ಭಯ. ಆ ಭಯಕ್ಕೇ ಫೋನ್ ಬರುತ್ತೆ. ಹಾಗಾಗಿ ಕಾರ್ಡ್ ಬರೆಯುವ ಮೊದಲು ಆರಿಸುವ ಕೆಲಸವನ್ನೆಲ್ಲ ನೀವೇ ಮುಗಿಸಿಬಿಡಿ.

ಮುಂದಿನ ಸಲ ಊರಿಗೆ ಹೋದಾಗ ಅವ್ವನ ಜೊತೆ ಕೂತು, ಅವರು ಒಬ್ಬರೇ ಒಗೆಯುವುದು ಏನೇನು ಅಂತ ಕೇಳಿ. ಸಾಮಾನ್ಯವಾಗಿ ದಿನ ಉಡುವ ಸೀರೆ, ಲಂಗ, ಬ್ಲೌಸ್, ನೈಟಿ, ಟವೆಲ್, ಅಷ್ಟೇ ಇರುತ್ತೆ. ಬೆಡ್‌ಶೀಟ್, ಚಾದರ, ರಗ್ಗು ಕಾರ್ಡಿಗೆ ಬೇಡ. ಟಾಪ್ ಲೋಡ್ ಮೆಷಿನ್ ಆಳ. ಒದ್ದೆ ಚಾದರ ಎತ್ತಲು ಗಿಡ್ಡ ಇರುವವರು ಅಂಚಿನ ಮೇಲೆ ಹೊಟ್ಟೆ ಒತ್ತಿ ಒಳಗೆ ಬಗ್ಗಬೇಕಾಗುತ್ತೆ. ತಲೆ ಸುತ್ತಿ ಬೀಳುವುದು ಅಲ್ಲೇ. ಅವನ್ನು ಕೆಲಸದವರೋ ನೀವೋ ಇದ್ದಾಗ ಹಾಕಿದರೆ ಸಾಕು. ಉಳಿದ ಬಟ್ಟೆಗೆಲ್ಲ ಒಂದೇ ಪ್ರೋಗ್ರಾಂ ನಡೆಯುತ್ತೆ.

ಈಗ ಮೆಷಿನ್ ಯಾವ ಪ್ರೋಗ್ರಾಂನಲ್ಲಿ ಎದ್ದೇಳುತ್ತೆ ಅಂತ ನೋಡಬೇಕು. ಪವರ್ ಒತ್ತಿ, ಯಾವ ಲೈಟ್ ಹತ್ತಿದೆ ನೋಡಿ, ಆಫ್ ಮಾಡಿ. ಮೂರು ಸಲ ಹೀಗೆ ಮಾಡಿ. ಆಮೇಲೆ ಬೇಕಂತಲೇ ಬೇರೆ ಪ್ರೋಗ್ರಾಂ ಹಾಕಿ ಒಂದು ಸಲ ಪೂರ್ತಿ ಓಡಿಸಿ, ಮತ್ತೆ ಪವರ್ ಒತ್ತಿ ನೋಡಿ. ಕೆಲವು ಮೆಷಿನ್ ಪ್ರತಿ ಸಲ ನಾರ್ಮಲ್‌ಗೇ ಬರುತ್ತವೆ, ಕೆಲವು ಹಿಂದಿನ ಸಲದ್ದನ್ನು ನೆನಪಿಟ್ಟುಕೊಳ್ಳುತ್ತವೆ. ಎರಡೂ ನಮಗೆ ಅನುಕೂಲವೇ. ಹೆಚ್ಚಿನ ಫುಲ್ ಆಟೊಮ್ಯಾಟಿಕ್ ಮೆಷಿನ್‌ಗಳು ಬಟ್ಟೆಯ ಭಾರ ನೋಡಿ ನೀರಿನ ಮಟ್ಟವನ್ನು ತಾವೇ ಇಟ್ಟುಕೊಳ್ಳುತ್ತವೆ. ಅಲ್ಲಿಗೆ ಪ್ರೋಗ್ರಾಂ, ವಾಟರ್ ಲೆವೆಲ್, ರಿನ್ಸ್, ಸ್ಪಿನ್ ಯಾವುದೂ ಕಾರ್ಡಿಗೆ ಬರುವುದಿಲ್ಲ. ಉಳಿಯುವುದು ಎರಡೇ ಬಟನ್: ಪವರ್ ಮತ್ತು ಸ್ಟಾರ್ಟ್.

ಉಳಿದ ಬಟನ್‌ಗಳು ಕಣ್ಣೆದುರು ಇದ್ದರೆ ಕೈ ಹೋಗಿಯೇ ಹೋಗುತ್ತೆ. ಅದಕ್ಕೆ ಪ್ಯಾನೆಲ್‌ನ ಅಳತೆಗೆ ದಪ್ಪ ಪ್ಲಾಸ್ಟಿಕ್ ಹಾಳೆ ಕತ್ತರಿಸಿ. ಮಕ್ಕಳ ಪ್ರಾಜೆಕ್ಟ್ ಫೈಲಿನ ರಟ್ಟಾದರೂ ಆಗುತ್ತೆ. ಅದರಲ್ಲಿ ಮೂರು ಕಿಟಕಿ ಕೊರೆಯಿರಿ, ಎರಡು ಬಟನ್‌ಗೆ, ಒಂದು ಅಂಕಿ ತೋರಿಸುವ ಪರದೆಗೆ. ಎರಡೂ ಬದಿಗೆ ಅಂಟು ಟೇಪ್ ಹಾಕಿ ಕೂರಿಸಿ. ನಿಮ್ಮ ಮೆಷಿನ್‌ನದು ಮುಟ್ಟಿದರೆ ಸಾಕು ಅನ್ನುವ ಟಚ್ ಪ್ಯಾನೆಲ್ ಆಗಿದ್ದರೆ ತೆಳು ಪ್ಲಾಸ್ಟಿಕ್ ಮೇಲಿಂದಲೂ ಬೆರಳು ತಾಗಿದ್ದು ಅದಕ್ಕೆ ಗೊತ್ತಾಗುತ್ತೆ. ಆಗ ದಪ್ಪ ಫೋಮ್ ಶೀಟ್ ಹಾಕಿ, ಮೇಲೆ ಬೆರಳಾಡಿಸಿ ಪರೀಕ್ಷಿಸಿ.

ಪುಡಿಯದ್ದೂ ಇದೇ ಕಥೆ. "ತಕ್ಕಷ್ಟು ಪುಡಿ" ಅಂತ ಬರೆದರೆ ಕೈಯಲ್ಲಿ ಒಗೆದು ರೂಢಿ ಇರುವವರು ಜಾಸ್ತಿಯೇ ಹಾಕುತ್ತಾರೆ, ನೊರೆ ಬಂದರೇ ಅವರಿಗೆ ಸಮಾಧಾನ. ನೊರೆ ಜಾಸ್ತಿಯಾದರೆ ಬಟ್ಟೆಯಲ್ಲಿ ಸೋಪು ಉಳಿಯುತ್ತೆ, ಮೆಷಿನ್ ಹೊರಗೆ ನೊರೆ ಉಕ್ಕುವುದೂ ಉಂಟು. ಪ್ಯಾಕೆಟ್ ಮೇಲೆ ಬರೆದ ಅಳತೆ ನೋಡಿ, ಅವ್ವನ ಒಂದು ಸಲದ ಬಟ್ಟೆಗೆ ಎಷ್ಟು ಬೇಕು ಅಂತ ಲೆಕ್ಕ ಹಾಕಿ, ಅಷ್ಟೇ ಹಿಡಿಯುವ ಒಂದು ಚಮಚ ಪುಡಿ ಡಬ್ಬಿಯಲ್ಲೇ ಇಟ್ಟುಬಿಡಿ. ದೊಡ್ಡ ಚಮಚ ಇಟ್ಟು "ಅರ್ಧ" ಅಂತ ಬರೆಯಬೇಡಿ.

ಬಟ್ಟೆಯ ಮಟ್ಟಕ್ಕೆ ಡ್ರಮ್ಮಿನ ಒಳಗೆ ಗೆರೆ ಎಳೆದರೆ ನೀರಿಗೆ ಅಳಿಸಿಹೋಗುತ್ತೆ. ಬದಲಿಗೆ ಒಂದು ಬಕೆಟ್ ಗೊತ್ತು ಮಾಡಿ. ಆ ಬಕೆಟ್ ತುಂಬ ಆದರೆ ಒಂದು ಸಲಕ್ಕೆ ಸರಿ. ಅವ್ವ ಬಟ್ಟೆ ಹಾಕಿಡುವುದೇ ಆ ಬಕೆಟ್‌ನಲ್ಲಿ ಅಂತಾದರೆ ಅಳೆಯುವ ಕೆಲಸವೂ ಇರಲ್ಲ. ಸೀರೆಗೊಂದು ಬಲೆ ಚೀಲ ಕೊಡಿ, ಇಲ್ಲದಿದ್ದರೆ ಅದು ಉಳಿದ ಬಟ್ಟೆಗೆಲ್ಲ ಸುತ್ತಿಕೊಂಡು ಹಗ್ಗದ ಉಂಡೆಯಾಗಿ ಹೊರಬರುತ್ತೆ.

ಇಷ್ಟಾದ ಮೇಲೆ ಮಾತಿನ ವಿಷಯ. ಕನ್ನಡದ ಎರಡು ಪದಗಳು ಇಂಥ ಕಾರ್ಡಿನಲ್ಲಿ ಸಿಕ್ಕಾಪಟ್ಟೆ ಗೊಂದಲ ಮಾಡುತ್ತವೆ: ಹಾಕು ಮತ್ತು ತೆಗೆ. ಸ್ವಿಚ್ ಹಾಕು ಅಂದರೆ ಶುರು ಮಾಡು. ಬಾಗಿಲು ಹಾಕು ಅಂದರೆ ಮುಚ್ಚು. ಬಟ್ಟೆ ಹಾಕು ಅಂದರೆ ಒಳಗೆ ಬಿಡು. ಬಾಗಿಲು ತೆಗೆ ಅಂದರೆ ತೆರೆ, ಆದರೆ ನಮ್ಮ ಕಡೆ ಲೈಟ್ ತೆಗೆ ಅಂದರೆ ಆರಿಸು. ನಾನು ಒಮ್ಮೆ "ನಲ್ಲಿ ತೆಗೆಯಿರಿ" ಅಂತ ಬರೆದಿದ್ದೆ. ಓದಿದವರು ಬಿಟ್ಟಿದ್ದ ನಲ್ಲಿಯನ್ನು ನಿಲ್ಲಿಸಿ, ಇಪ್ಪತ್ತು ನಿಮಿಷ ನೀರಿಗಾಗಿ ಕಾದರು. ಮಾತಾಡುವಾಗ ಕೈಸನ್ನೆ ಇರುತ್ತೆ, ಧ್ವನಿ ಇರುತ್ತೆ, ಅರ್ಥ ಆಗುತ್ತೆ. ಕಾರ್ಡಿನಲ್ಲಿ ಅದೇನೂ ಇಲ್ಲ.

ಇಲ್ಲಿ ನಿಮ್ಮೂರಿನ ಮಾತೇ ನಿಮ್ಮ ನೆರವಿಗೆ ಬರುತ್ತೆ. ಚಾಲೂ ಮಾಡು, ಬಂದ್ ಮಾಡು. ಈ ಎರಡರಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ. ಶುರುವಾಗುವುದಕ್ಕೆಲ್ಲ ಚಾಲೂ, ನಿಲ್ಲುವುದಕ್ಕೆಲ್ಲ ಬಂದ್. ನಲ್ಲಿಗೆ ಅವ್ವ ನಳ ಅಂದರೆ ನಳ ಅಂತಲೇ ಬರೆಯಿರಿ, ಬಟ್ಟೆಗೆ ಅರಿವಿ ಅಂದರೆ ಅರಿವಿ. ಮೈಸೂರು ಕಡೆಯ ತಾಯಿಗಾದರೆ ನಾನು "ನಲ್ಲಿ ಬಿಡು", "ನಲ್ಲಿ ನಿಲ್ಲಿಸು" ಅಂತ ಬರೆಯುತ್ತಿದ್ದೆ. ಒತ್ತಿರಿ, ಮಾಡಿರಿ ಅನ್ನುವ ಗೌರವವೂ ಬೇಡ. ನೀವು ಅವ್ವನ ಹತ್ತಿರ ಹಾಗೆ ಮಾತಾಡುವುದಿಲ್ಲವಲ್ಲ. ನಿಮ್ಮ ಧ್ವನಿಯಲ್ಲೇ ಓದಿಸಿಕೊಂಡು ಹೋಗಲಿ.

ನಿಮ್ಮ ಅವ್ವನಿಗೆ ನಾನು ಬರೆಯುವ ಕಾರ್ಡ್ ಹೀಗಿರುತ್ತೆ:

1 ನಳ ಚಾಲೂ ಮಾಡು
2 ಅರಿವಿ ಹಾಕು, ಒಂದು ಬಕೆಟ್
3 ಪುಡಿ ಹಾಕು, ಒಂದು ಚಮಚ
4 ಮುಚ್ಚಳ ಮುಚ್ಚು
5 ಗೋಡೆ ಸ್ವಿಚ್ ಚಾಲೂ ಮಾಡು
6 ಒಂದು ಬೊಟ್ಟು ಒತ್ತು. ಲೈಟ್ ಬರುತ್ತೆ
7 ಎರಡು ಬೊಟ್ಟು ಒತ್ತು, ಒಂದೇ ಸಲ. ಸಪ್ಪಳ ಬರುತ್ತೆ

ಒಂದು ತಾಸು ಬಿಡು.
ನಡುವೆ ಸುಮ್ಮನಾಗುತ್ತೆ. ಮುಟ್ಟಬೇಡ.

ಪೀಂ ಪೀಂ ಅಂದ ಮೇಲೆ
8 ಗೋಡೆ ಸ್ವಿಚ್ ಬಂದ್ ಮಾಡು
9 ನಳ ಬಂದ್ ಮಾಡು
10 ಅರಿವಿ ತೆಗೆ

ಎರಡು, ಮೂರನೇ ಸಾಲಿನಲ್ಲಿ "ಹಾಕು", ಕೊನೆಯ ಸಾಲಿನಲ್ಲಿ "ತೆಗೆ" ಉಳಿಸಿದ್ದೇನೆ, ಯಾಕೆಂದರೆ ಅರಿವಿ ಹಾಕು, ಪುಡಿ ಹಾಕು, ಅರಿವಿ ತೆಗೆ ಅನ್ನುವುದಕ್ಕೆ ಅಲ್ಲಿ ಒಂದೊಂದೇ ಅರ್ಥ. ಸ್ವಿಚ್ ಬಂದ್ ಮಾಡುವುದು ಅರಿವಿ ತೆಗೆಯುವ ಮೊದಲು ಬಂದಿದ್ದಕ್ಕೂ ಕಾರಣ ಇದೆ. ಒದ್ದೆ ಬಟ್ಟೆ ಮುಟ್ಟಿದ ಕೈಯಲ್ಲಿ ಸ್ವಿಚ್ ಮುಟ್ಟಬಾರದು. ಹಾಗೇ ಶುರುವಿನಲ್ಲಿ ನಳದ ಕೆಲಸ ಮುಗಿಸಿ, ಒಣ ಬಟ್ಟೆ ಹಾಕಿ, ಆಮೇಲೆ ಸ್ವಿಚ್. ಅಷ್ಟರಲ್ಲಿ ಕೈ ಒಣಗಿರುತ್ತೆ. "ಕೈ ಒರೆಸಿಕೊಳ್ಳಿ" ಅಂತ ಬೇರೆ ಸಾಲು ಬರೆಯುವ ಬದಲು ಕೆಲಸದ ಕ್ರಮದಲ್ಲೇ ಅದನ್ನು ಸೇರಿಸಿಬಿಡುವುದು ಒಳ್ಳೆಯದು. ಸಾಲು ಬರೆದರೆ ಯಾರೂ ಪಾಲಿಸಲ್ಲ, ನಾನೂ ಪಾಲಿಸಲ್ಲ.

ಆರು ಮತ್ತು ಏಳನೇ ಸಾಲಿನ ಬಾಲ ನೋಡಿ. ಲೈಟ್ ಬರುತ್ತೆ, ಸಪ್ಪಳ ಬರುತ್ತೆ. ಒತ್ತಿದ್ದು ಸರಿಯಾಯಿತಾ ಅಂತ ಅವರಿಗೆ ಅವರೇ ಹೇಳಿಕೊಳ್ಳಲು ಇದು ಬೇಕು. "ಒಂದೇ ಸಲ" ಅನ್ನುವುದು ಇಡೀ ಕಾರ್ಡಿನಲ್ಲಿ ಅತಿ ಮುಖ್ಯವಾದ ಎರಡು ಪದ. ಈ ಮೆಷಿನ್‌ಗಳಲ್ಲಿ ಸ್ಟಾರ್ಟ್ ಬಟನ್ನೇ ಪಾಜ್ ಬಟನ್ ಕೂಡ ಹೌದು. ಒಮ್ಮೆ ಒತ್ತಿದರೆ ಓಡುತ್ತೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತೆ. ಹಿರಿಯರು ಒತ್ತಿದ್ದು ಸಾಕಾಗಿಲ್ಲವೇನೋ ಅಂತ ಇನ್ನೊಮ್ಮೆ ಒತ್ತುತ್ತಾರೆ, ಮೆಷಿನ್ ನಿಂತುಬಿಡುತ್ತೆ. ಆಮೇಲೆ ಕಾದು ಕಾದು "ಕೆಟ್ಟುಹೋಗಿದೆ" ಅಂತ ಫೋನ್. ಮೆಷಿನ್ ಬಟ್ಟೆ ನೆನೆಹಾಕುವಾಗ, ನೀರು ಬಿಟ್ಟು ಹಿಂಡುವ ಮೊದಲು, ಸ್ವಲ್ಪ ಹೊತ್ತು ಸುಮ್ಮನಾಗುತ್ತೆ. ಆಗಲೂ ಇದೇ ಆಗುತ್ತೆ: ನಿಂತಿದೆ ಅಂತ ಒತ್ತುತ್ತಾರೆ, ಒತ್ತಿದ್ದಕ್ಕೇ ನಿಲ್ಲುತ್ತೆ. ನಿಮಗೆ ಬರುವ ಫೋನ್‌ಗಳಲ್ಲಿ ಅರ್ಧದಷ್ಟು ಇದೇ ಇದ್ದರೆ ನನಗೆ ಆಶ್ಚರ್ಯ ಆಗಲ್ಲ. ಒಂದು ತಾಸು ಅನ್ನುವುದನ್ನು ಮಾತ್ರ ನಿಮ್ಮ ಮೆಷಿನ್‌ನಲ್ಲಿ ಗಡಿಯಾರ ಹಿಡಿದು ನೋಡಿ ಬರೆಯಿರಿ. ಪರದೆ 48 ನಿಮಿಷ ಅಂತ ತೋರಿಸಿದರೂ ನೀರು ಸಣ್ಣಗೆ ಬಂದರೆ ಜಾಸ್ತಿ ಹಿಡಿಯುತ್ತೆ.

ಬೊಟ್ಟು ಅಂದರೆ ನಿಜವಾಗಿಯೂ ಬೊಟ್ಟೇ. ಪವರ್ ಪಕ್ಕದಲ್ಲಿ ಒಂದು, ಸ್ಟಾರ್ಟ್ ಪಕ್ಕದಲ್ಲಿ ಎರಡು. ಮಖಮಲ್ಲಿನ ದೊಡ್ಡ ಸ್ಟಿಕರ್ ಬೊಟ್ಟು ಕಣ್ಣಿಗೂ ಕಾಣುತ್ತೆ, ಬೆರಳಿಗೂ ಸಿಗುತ್ತೆ, ಅವ್ವನ ಕನ್ನಡಿ ಹತ್ತಿರವೇ ಇರುತ್ತೆ. ತೇವಕ್ಕೆ ಒಂದು ತಿಂಗಳಲ್ಲಿ ಕಿತ್ತು ಬರುತ್ತೆ, ಅದೊಂದು ಕೊರತೆ. ಬಾಳಿಕೆ ಬೇಕಿದ್ದರೆ ಎಂ-ಸೀಲ್‌ನ ಕಾಳಿನಷ್ಟು ಉಂಡೆ ಒತ್ತಿ, ಒಣಗಿದ ಮೇಲೆ ಉಗುರು ಬಣ್ಣ ಹಚ್ಚಿ. ಬಟನ್ ಮೇಲೆಯೇ ಅಂಟಿಸಬೇಡಿ, ಪಕ್ಕದಲ್ಲಿ ರಟ್ಟಿನ ಮೇಲೆ ಅಂಟಿಸಿ. ಒಂದಕ್ಕೆ ನೀಲಿ, ಇನ್ನೊಂದಕ್ಕೆ ಹಸಿರು ಅಂತ ಬಣ್ಣದಿಂದ ಗುರುತಿಸುವ ಆಸೆ ಬೇಡ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತೆ, ಪೊರೆ ಇದ್ದರೆ ಇನ್ನೂ ಜಾಸ್ತಿ. ನೀಲಿ ಹಸಿರಿನ ಹಾಗೆ, ಕೆಲವೊಮ್ಮೆ ಕಪ್ಪಿನ ಹಾಗೆ ಕಾಣುತ್ತೆ. ಎಣಿಕೆ ಮೋಸ ಮಾಡಲ್ಲ.

ಕಾರ್ಡಿನ ಅಂಕಿಗಳನ್ನು ವಸ್ತುಗಳ ಮೇಲೂ ಅಂಟಿಸಿ. ನಳದ ಹತ್ತಿರ 1 ಮತ್ತು 9, ಪುಡಿ ಡಬ್ಬಿಗೆ 3, ಸ್ವಿಚ್‌ಬೋರ್ಡಿಗೆ 5 ಮತ್ತು 8, ಹೀಗೆ. ಮೆಷಿನ್ ಸ್ವಿಚ್ ಪಕ್ಕ ಗೀಸರ್ ಸ್ವಿಚ್ಚೂ ಇದ್ದರೆ ಇದು ಇನ್ನೂ ಬೇಕು. ಅಂಕಿ 1 2 3 ಇರಲೋ ೧ ೨ ೩ ಇರಲೋ ಅಂತ ಅವ್ವನನ್ನೇ ಕೇಳಿ. ಫೋನ್ ನಂಬರ್ ಯಾವುದರಲ್ಲಿ ಬರೆದಿಟ್ಟುಕೊಂಡಿದ್ದಾರೆ ಅಂತ ನೋಡಿದರೂ ಗೊತ್ತಾಗುತ್ತೆ.

ಈಗ ಅಕ್ಷರದ ಅಳತೆ. ದೊಡ್ಡಕ್ಷರದ ಪುಸ್ತಕಗಳನ್ನು 16 ಅಥವಾ 18 ಪಾಯಿಂಟ್‌ನಲ್ಲಿ ಅಚ್ಚು ಮಾಡುತ್ತಾರೆ. ಅದು ಕೈಯಲ್ಲಿ ಹಿಡಿದು ಓದುವುದಕ್ಕೆ. ಗೋಡೆಯ ಕಾರ್ಡಿಗೆ ಅದು ಸಾಲದು. ನಿಮ್ಮ ಅವ್ವನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಪೊರೆ ಆಪರೇಷನ್‌ನಲ್ಲಿ ಸಾಮಾನ್ಯವಾಗಿ ಹಾಕುವ ಲೆನ್ಸ್ ದೂರದ್ದನ್ನು ಚೆನ್ನಾಗಿ ತೋರಿಸುತ್ತೆ. ಓದುವ ಕನ್ನಡಕ ಒಂದು ಮೊಳದ ಒಳಗಿನದ್ದನ್ನು ತೋರಿಸುತ್ತೆ. ಮೆಷಿನ್ ಮುಂದೆ ನಿಂತಾಗ ಗೋಡೆ ಇರುವುದು ಎರಡಕ್ಕೂ ನಡುವೆ, ಎರಡು ಮೂರು ಅಡಿ ದೂರದಲ್ಲಿ. ಕನ್ನಡಕ ಹಾಕಿದರೂ ಮಸುಕು, ತೆಗೆದರೂ ಮಸುಕು. ಆ ಮಸುಕಿನಲ್ಲೂ ಓದಲು ಆಗುವಷ್ಟು ಅಕ್ಷರ ದೊಡ್ಡದಿರಬೇಕು. ನಾನು "ಕ" ಅಕ್ಷರದ ಎತ್ತರ 10 ಮಿಲಿಮೀಟರ್ ಇಡುತ್ತೇನೆ. ಕಂಪ್ಯೂಟರಿನಲ್ಲಿ ಇದು ಸುಮಾರು 50 ಪಾಯಿಂಟ್ ಆಗಬಹುದು, ಆದರೆ ಒಂದೊಂದು ಫಾಂಟ್ ಒಂದೊಂದು ಥರ. ಅದಕ್ಕೇ ಪ್ರಿಂಟ್ ತೆಗೆದು ಸ್ಕೇಲ್ ಹಿಡಿದು ಅಳೆಯಿರಿ. ಈ ಅಳತೆಗೆ ಎ4 ಹಾಳೆ ಸಾಲದು, ಎ3 ಬೇಕು.

ಕನ್ನಡಕ್ಕೆ ಇನ್ನೊಂದು ಲೆಕ್ಕ ಇದೆ. ಒತ್ತಕ್ಷರ ಕೆಳಗೆ ಬರುತ್ತೆ, ಚಿಕ್ಕದಾಗಿ ಬರುತ್ತೆ. "ಮುಚ್ಚು" ಅನ್ನುವುದರಲ್ಲಿ ಮು ದೊಡ್ಡದಾಗಿ ಕಂಡರೂ ಕೆಳಗಿನ ಚ-ಒತ್ತು ಅರ್ಧ ಗಾತ್ರದ್ದು. ಪೊರೆ ಇರುವ ಕಣ್ಣಿಗೆ ಮೊದಲು ಕರಗಿಹೋಗುವುದು ಅದೇ. ಹಾಗಾಗಿ ಅಕ್ಷರ ಓದಲು ಬರುತ್ತಾ ಅಂತ ಪರೀಕ್ಷಿಸುವಾಗ ಒತ್ತು ಇರುವ ಪದವನ್ನೇ ಓದಿಸಿ. ಸಾಲುಗಳ ನಡುವೆ ಜಾಗ ಧಾರಾಳವಾಗಿ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಎರಡೂ ಕಲಸಿಹೋಗುತ್ತವೆ. ಸಾಲಿಂದ ಸಾಲಿಗೆ 2.5 ಸೆಂಟಿಮೀಟರ್ ಇದ್ದರೆ ಒಳ್ಳೆಯದು. ಗೆರೆ ಎಲ್ಲ ಕಡೆ ಒಂದೇ ದಪ್ಪ ಇರುವ ಫಾಂಟ್ ಬೇಕು. ನೋಟೋ ಸ್ಯಾನ್ಸ್ ಕನ್ನಡದ ಬೋಲ್ಡ್ ಪುಕ್ಕಟೆ ಸಿಗುತ್ತೆ, ಅದು ಸಾಕು. ಮದುವೆ ಪತ್ರಿಕೆಯ ಬಳುಕುವ ಅಕ್ಷರ ಬೇಡ.

ಝೆರಾಕ್ಸ್ ಅಂಗಡಿಗೆ ವರ್ಡ್ ಫೈಲ್ ಕಳಿಸಬೇಡಿ. ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಅಕ್ಷರದ ರೂಪ, ಅಳತೆ ಎಲ್ಲ ಬದಲಾಗಿ ನಿಮ್ಮ ಲೆಕ್ಕ ಕೆಟ್ಟುಹೋಗುತ್ತೆ. ಪಿಡಿಎಫ್ ಮಾಡಿ ಕಳಿಸಿ. ಬಿಳಿ ಹಾಳೆ, ಕಪ್ಪು ಅಕ್ಷರ, ಲೇಸರ್ ಪ್ರಿಂಟ್. ಲ್ಯಾಮಿನೇಷನ್ ಮಾಡಿಸುವಾಗ ಹೊಳಪಿಲ್ಲದ ಮ್ಯಾಟ್ ಹಾಳೆ ಕೇಳಿ. ಮಾಮೂಲಿ ಹೊಳೆಯುವ ಲ್ಯಾಮಿನೇಷನ್ ಮೇಲೆ ಟ್ಯೂಬ್‌ಲೈಟ್ ಪ್ರತಿಫಲಿಸಿ, ಪೊರೆಯ ಕಣ್ಣಿಗೆ ಅರ್ಧ ಕಾರ್ಡ್ ಬೆಳ್ಳಗೆ ಉರಿಯುತ್ತೆ. ನಿಮ್ಮೂರಲ್ಲಿ ಮ್ಯಾಟ್ ಸಿಗದಿದ್ದರೆ ಲ್ಯಾಮಿನೇಷನ್ ಬಿಟ್ಟು, ದಪ್ಪ ರಟ್ಟಿಗೆ ಅಂಟಿಸಿ ಎರಡು ಪ್ರತಿ ಇಡಿ. ಒಂದು ಹಾಳಾದರೆ ಇನ್ನೊಂದು.

ತೂಗುಹಾಕುವ ಜಾಗ ಪಕ್ಕದ ಗೋಡೆ. ಮೆಷಿನ್ ಹಿಂದಿನ ಗೋಡೆಯಲ್ಲಿ ಹಾಕಿದರೆ ಎತ್ತಿದ ಮುಚ್ಚಳ ಮರೆಮಾಡುತ್ತೆ. ಎತ್ತರ ಎಷ್ಟು ಅನ್ನುವುದು ಕನ್ನಡಕದ ಮೇಲೆ ಹೋಗುತ್ತೆ. ಕೆಳಭಾಗದಲ್ಲಿ ಓದುವ ಗಾಜು ಇರುವ ಬೈಫೋಕಲ್ ಆಗಿದ್ದರೆ, ಕಣ್ಣಿಗಿಂತ ಮೇಲಿನದ್ದನ್ನು ಓದಲು ಗದ್ದ ಎತ್ತಬೇಕು, ಕತ್ತು ನೋಯುತ್ತೆ. ಕಾರ್ಡಿನ ನಡುಭಾಗ ಅವರ ಗದ್ದದ ಮಟ್ಟಕ್ಕೆ ಬರಲಿ. ಕಾರ್ಡಿನ ಅಂಚಿಗೆ ಒಂದು ಬಟ್ಟೆ ಕ್ಲಿಪ್ ಸಿಗಿಸಿಡಿ. ಒಂದು ಕೆಲಸ ಮುಗಿದಂತೆ ಕ್ಲಿಪ್ ಒಂದು ಸಾಲು ಕೆಳಗೆ. ನಡುವೆ ಹಾಲಿನವನು ಬಂದು ಬೆಲ್ ಮಾಡಿದರೂ, ವಾಪಸ್ ಬಂದಾಗ ಪುಡಿ ಹಾಕಿದ್ದೆನೋ ಇಲ್ಲವೋ ಅನ್ನುವ ಪ್ರಶ್ನೆ ಇರಲ್ಲ. ಹತ್ತು ರೂಪಾಯಿಯದ್ದೂ ಅಲ್ಲ ಈ ಕ್ಲಿಪ್, ಆದರೆ ಎಷ್ಟೋ ಮನೆಗಳಲ್ಲಿ ಇಡೀ ಕಾರ್ಡಿಗಿಂತ ಜಾಸ್ತಿ ಕೆಲಸಕ್ಕೆ ಬಂದಿದ್ದು ಇದೇ.

ಮೆಷಿನ್ ನಿಂತರೆ ಏನು ಅನ್ನುವುದು ಇದೇ ಕಾರ್ಡಿನಲ್ಲಿ ಬರೆಯಬೇಡಿ. ಅದಕ್ಕೆ ಇನ್ನೊಂದು ಚಿಕ್ಕ ಕಾರ್ಡ್, ಅದರ ಕೆಳಗೆ. ಅದನ್ನು ಬರೆಯಲು ನೀವು ಊರಲ್ಲಿದ್ದಾಗ ಬೇಕಂತಲೇ ಮೆಷಿನ್ ನಿಲ್ಲಿಸಿ ನೋಡಬೇಕು. ನಳ ಬಂದ್ ಮಾಡಿ ಮೆಷಿನ್ ಓಡಿಸಿ, ಕಾಯಿರಿ. ಸ್ವಲ್ಪ ಹೊತ್ತಿಗೆ ಪರದೆಯಲ್ಲಿ ಎರಡು ಅಕ್ಷರ ಬರುತ್ತವೆ. ಎಲ್‌ಜಿ ಮೆಷಿನ್‌ನಲ್ಲಿ ನೀರು ಬರದಿದ್ದರೆ IE, ಸ್ಯಾಮ್‌ಸಂಗ್‌ನಲ್ಲಿ 4C ಅಥವಾ 4E. ಎಲ್‌ಜಿಯಲ್ಲಿ ಮುಚ್ಚಳ ಸರಿಯಾಗಿ ಕೂರದಿದ್ದರೆ dE, ಬಟ್ಟೆ ಒಂದೇ ಕಡೆ ಗುಡ್ಡೆಯಾಗಿ ಹಿಂಡಲು ಆಗದಿದ್ದರೆ UE, ನೀರು ಹೊರಹೋಗದಿದ್ದರೆ OE. ನಿಮ್ಮ ಮೆಷಿನ್‌ನದು ಪುಸ್ತಕದಲ್ಲಿ ಇರುತ್ತೆ. ಆದರೆ ಅದನ್ನು ನೋಡಿ ಟೈಪ್ ಮಾಡಬೇಡಿ, ಪರದೆಯ ಫೋಟೋ ತೆಗೆದು ಅದನ್ನೇ ಕಾರ್ಡಿಗೆ ಹಾಕಿ. ಕಡ್ಡಿ ಕಡ್ಡಿಯಾಗಿ ಮೂಡುವ ಆ ಅಕ್ಷರಗಳು ಟೈಪ್ ಮಾಡಿದ ಅಕ್ಷರದ ಹಾಗೆ ಇರಲ್ಲ. ಇಂಗ್ಲಿಷ್ ಬರದವರಿಗೆ ಅದು ಅಕ್ಷರ ಅಲ್ಲ, ಒಂದು ಚಿತ್ರ. ಚಿತ್ರಕ್ಕೆ ಚಿತ್ರ ಹೊಂದಿಸಿ ನೋಡುತ್ತಾರೆ, ಅಷ್ಟೇ.

ನಾನು ಎರಡು ಚಿತ್ರ ಮಾತ್ರ ಹಾಕುತ್ತೇನೆ: ನೀರಿಲ್ಲದ್ದು, ಮುಚ್ಚಳದ್ದು. ಮೊದಲನೆಯದಕ್ಕೆ "ನಳ ನೋಡು, ಟ್ಯಾಂಕ್ ನೋಡು. ನೀರು ಬಂದ ಮೇಲೆ ಎರಡು ಬೊಟ್ಟು ಒತ್ತು". ಎರಡನೆಯದಕ್ಕೆ "ಮುಚ್ಚಳ ಒತ್ತಿ ಮುಚ್ಚು, ಎರಡು ಬೊಟ್ಟು ಒತ್ತು". ಹೀಗೆ ಮಾಡಿದರೆ ನಿಮ್ಮ ಮೆಷಿನ್ ಮತ್ತೆ ಓಡುತ್ತಾ ಅಂತ ಒಮ್ಮೆ ಮಾಡಿ ನೋಡಿಯೇ ಬರೆಯಿರಿ. UE ಮತ್ತು OE ನೋಡಲು ಒಂದೇ ಥರ, ಅದೂ ಅಲ್ಲದೆ ಒದ್ದೆ ಬಟ್ಟೆಯ ಗಂಟು ಬಿಡಿಸುವುದು, ಪೈಪ್ ನೋಡುವುದು 74ರಲ್ಲಿ ಒಬ್ಬರೇ ಮಾಡುವ ಕೆಲಸ ಅಲ್ಲ. ಅದಕ್ಕೆಲ್ಲ ಒಂದೇ ಸಾಲು: "ಬೇರೆ ಏನೇ ಬಂದರೂ ಸ್ವಿಚ್ ಬಂದ್, ನಳ ಬಂದ್, ಫೋನ್ ಮಾಡು". ಸುಟ್ಟ ವಾಸನೆ, ನೆಲದ ಮೇಲೆ ನೀರು, ಮುಟ್ಟಿದರೆ ಕೈ ಜುಮ್ ಅನ್ನುವುದು, ಇವಕ್ಕೂ ಅದೇ ಸಾಲು. ಆದರೆ ಜುಮ್ ಅಂದಿದ್ದರೆ ಆ ದಿನವೇ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಅಲ್ಲಿವರೆಗೆ ಮೆಷಿನ್ ಮುಟ್ಟುವುದು ಬೇಡ. ಫೋನ್ ನಂಬರ್ ಪುಣೆಯ ನಿಮ್ಮದಲ್ಲ, ಐದು ನಿಮಿಷದಲ್ಲಿ ಬರಬಲ್ಲ ಪಕ್ಕದ ಮನೆಯವರದ್ದು ಮೊದಲು ಇರಲಿ.

ಕರೆಂಟ್ ಹೋಗಿ ಬಂದರೆ? ಇದನ್ನೂ ಮಾಡಿ ನೋಡಿ. ಓಡುತ್ತಿರುವಾಗ ಗೋಡೆ ಸ್ವಿಚ್ ಬಂದ್ ಮಾಡಿ, ಐದು ನಿಮಿಷ ಬಿಟ್ಟು ಹಾಕಿ. ತಾನೇ ಮುಂದುವರಿದರೆ "ಕರೆಂಟ್ ಹೋದರೆ ಸುಮ್ಮನಿರು" ಅಂತ ಬರೆಯಿರಿ. ಮುಂದುವರಿಯದಿದ್ದರೆ "ಕರೆಂಟ್ ಬಂದ ಮೇಲೆ 6, 7 ಮತ್ತೆ ಮಾಡು". ಬಟ್ಟೆ ಎರಡು ಸಲ ಒಗೆಯುತ್ತೆ, ಹೋಗಲಿ ಬಿಡಿ.

ಇಷ್ಟನ್ನೂ ನೇರವಾಗಿ ಪ್ರಿಂಟ್ ಮಾಡಿಸಬೇಡಿ. ಹಳೆ ಕ್ಯಾಲೆಂಡರ್ ಹಾಳೆಯ ಹಿಂದೆ ದಪ್ಪ ಮಾರ್ಕರಿನಲ್ಲಿ ಬರೆದು ಗೋಡೆಗೆ ಅಂಟಿಸಿ. ಅವ್ವ ಮೆಷಿನ್ ಹಾಕಲಿ, ನೀವು ಕುರ್ಚಿ ಹಾಕಿಕೊಂಡು ಹಿಂದೆ ಕೂತಿರಿ. ಬಾಯಿ ಬಿಡಬಾರದು. ಇದೇ ಅತಿ ಕಷ್ಟದ ಕೆಲಸ, ಹೆಣ್ಣುಮಕ್ಕಳಿಗಂತೂ ಆಗುವುದೇ ಇಲ್ಲ ಅಂತ ನನ್ನ ಅನುಭವ. ಅವರು ಹಿಂದೆ ತಿರುಗಿ ನಿಮ್ಮ ಮುಖ ನೋಡಿದ ಸಾಲು ಯಾವುದು ಅಂತ ಗುರುತು ಹಾಕಿಕೊಳ್ಳಿ. ಆ ಸಾಲು ಸರಿ ಇಲ್ಲ, ಅವ್ವ ಸರಿ ಇದ್ದಾರೆ. ಹುಬ್ಬಳ್ಳಿಯಲ್ಲಿ ಒಬ್ಬರು ಪ್ರತಿ ಸಲ ಮೂರನೇ ಸಾಲಿನಲ್ಲಿ ತಿರುಗಿ ನೋಡುತ್ತಿದ್ದರು. ಪುಡಿ ಹಾಕು ಅಂತ ಬರೆದಿತ್ತು, ಎಲ್ಲಿ ಹಾಕಬೇಕು ಅಂತ ಬರೆದಿರಲಿಲ್ಲ. ಪುಡಿಯ ಖಾನೆಗೂ ಒಂದು 3 ಅಂಟಿಸಿದೆವು, ತಿರುಗುವುದು ನಿಂತಿತು. ಮರುದಿನ ಇನ್ನೊಮ್ಮೆ ಹೀಗೆ ಮಾಡಿ. ಮೂರನೇ ಸಲ ನೀವು ಬೇರೆ ಕೋಣೆಯಲ್ಲಿರಿ. ಮೂರನೇ ಸಲ ಕರೆಯದೆ ಮುಗಿಸಿದರೆ ಆಗ ಪ್ರಿಂಟ್.

ಒಂದು ಮಾತು ಸೇರಿಸಬೇಕು. ಮರೆವು ಇಲ್ಲ ಅಂತ ನೀವು ಬರೆದಿದ್ದೀರಿ, ಈ ಕಾರ್ಡ್ ನಿಂತಿರುವುದೇ ಅದರ ಮೇಲೆ. ಮುಂದೆ ಎಂದಾದರೂ ಕ್ಲಿಪ್ ಇದ್ದೂ ಪುಡಿ ಎರಡೆರಡು ಸಲ ಹಾಕುವುದು, ಒಗೆದ ಬಟ್ಟೆಯನ್ನು ಮತ್ತೆ ಒಗೆಯಲು ಹಾಕುವುದು ಪದೇ ಪದೇ ಆದರೆ ಕಾರ್ಡ್ ತಿದ್ದುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಎರಡನೇ ಕಣ್ಣಿನ ಆಪರೇಷನ್ ಆದ ಮೇಲೆ ಕೆಲವು ವಾರ ಭಾರ ಎತ್ತುವುದು, ಬಗ್ಗುವುದು ಬೇಡ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಒದ್ದೆ ಬಟ್ಟೆ ಎತ್ತುವುದೂ ಅದರಲ್ಲಿ ಸೇರುತ್ತೆ, ಎಷ್ಟು ದಿನ ಅಂತ ಕಣ್ಣಿನ ಡಾಕ್ಟರನ್ನೇ ಕೇಳಿ. ಹೊಸ ಕನ್ನಡಕ ಬಂದ ಮೇಲೆ ಕಾರ್ಡನ್ನು ಇದ್ದಲ್ಲೇ ಬಿಟ್ಟು, ನಾಲ್ಕನೇ ಸಾಲಿನ "ಮುಚ್ಚು" ಓದಿಸಿ ನೋಡಿ. ತಡವರಿಸಿದರೆ ಮೊಳೆಯನ್ನು ಎರಡು ಇಂಚು ಕೆಳಗೆ ಹೊಡೆಯಬೇಕಾಗಬಹುದು, ಅಥವಾ ಕಾರ್ಡನ್ನು ಒಂದು ಅಡಿ ಹತ್ತಿರ ತರಬೇಕಾಗಬಹುದು.